ಪೂಜೆಗೆ ಕೂತ ಉಸಿರು

ಏಳು ಕೋಟೆಯಾಚೆ ಒಂದು ಪಂಜರ, ಪಂಜರದೊಳಗೆ ಒಂದು ಗಿಳಿ, ಗಿಳಿಯೊಳಗೆ ರಾಕ್ಷಸನ ಪ್ರಾಣ. ಅಜ್ಜಿ ನೀಲಮ್ಮ ಈ ಕಥೆ ಹೇಳುವಾಗಲೆಲ್ಲ ರಕ್ಷಾಗೆ ರಾಕ್ಷಸನ ಮೇಲೆ ಕನಿಕರ ಬರುತ್ತಿತ್ತು. ಅವಳ ಪ್ರಾಣವೂ ಅವಳ ಬಳಿ ಇರಲಿಲ್ಲ. ಕಾಮಾಕ್ಷಿಪಾಳ್ಯದ ಅವಳ ಶಾಲೆಯಲ್ಲಿ, ಆಟದ ಸಾಮಾನಿನ ಕೋಣೆಯಲ್ಲಿ, ಬಿಳಿ ಫಸ್ಟ್ ಏಡ್ ಪೆಟ್ಟಿಗೆಯ ತಳದಲ್ಲಿ ಅದು ನೀಲಿ ಇನ್‌ಹೇಲರ್ ಆಗಿ ಮಲಗಿತ್ತು.

ಅಲ್ಲಿಗೆ ಸೇರಿಸಿದವಳು ಅವ್ವ ಲಕ್ಷ್ಮಿಯೇ. ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಾಡುವ ಅವಳಿಗೆ ಮಗಳ ಉಬ್ಬಸಕ್ಕಿಂತ ಉಬ್ಬಸದ ಸುದ್ದಿಯ ಭಯ ಹೆಚ್ಚು. "ನಾಲ್ಕು ಮಂದಿ ಕಣ್ಣಿಗೆ ಬೀಳೂದು ಬ್ಯಾಡ್ರಿ. ಹೆಣ್ಣುಡುಗಿ. ಅಕಿ ಆಡೂದೂ ಬ್ಯಾಡ" ಎಂದು ಹಳೆಯ ಪಿ.ಟಿ. ಮೇಷ್ಟ್ರಿಗೆ ಹೇಳಿ ಬಂದಿದ್ದಳು.

ಹಾಗಾಗಿ ಎಂಟನೇ ಕ್ಲಾಸಿಗೆ ಬಂದರೂ ರಕ್ಷಾಳ ಜಾಗ ಮೈದಾನದ ಅಂಚಿನ ಸಿಮೆಂಟ್ ಮೆಟ್ಟಿಲು. ಎಲ್ಲರ ವಾಚು, ನೀರಿನ ಬಾಟಲು ಅವಳ ಮಡಿಲಿಗೆ. ಅವಳದೇ ಕ್ಲಾಸಿನ ಶ್ರೀಶನಿಗೆ ಶುಗರ್ ಇತ್ತು. ಆಟಕ್ಕೆ ಮುಂಚೆ ಬೆರಳು ಚುಚ್ಚಿ ನೋಡಿಕೊಳ್ಳುತ್ತಿದ್ದ, ಸಂಖ್ಯೆ ಕಮ್ಮಿ ಬಂದರೆ ಬಾಳೆಹಣ್ಣು ತಿಂದು ಕಾದು, ಮತ್ತೆ ನೋಡಿಕೊಂಡು ಓಡುತ್ತಿದ್ದ. ಮೀಟರ್ರು, ಗ್ಲೂಕೋಸ್ ಎಲ್ಲ ಸೊಂಟದ ಚೀಲದಲ್ಲೇ. ಆ ಚೀಲವನ್ನು ಕಂಡರೆ ರಕ್ಷಾಗೆ ಹೊಟ್ಟೆಕಿಚ್ಚು.

ಅದಕ್ಕಿಂತ ಹೆಚ್ಚಿನ ಆಸೆ ಬೇರೊಂದರ ಮೇಲಿತ್ತು. ಖೋಖೋ ಆಡಿ ಬಂದವರ ಬೆನ್ನ ಮೇಲೆ ಕೆಮ್ಮಣ್ಣಿನ ಅಂಗೈ ಗುರುತು ಇರುತ್ತಿತ್ತು, ಐದು ಬೆರಳೂ ಮೂಡಿದ್ದು. ಯಾರೋ ಓಡಿ ಬಂದು, ನೀನೇ ಏಳು ಅಂತ ಹೊಡೆದ ಗುರುತು. ಪಕ್ಕದ ಮನೆಯ ಅಂಬುಜಾಳನ್ನು ಅವಳಮ್ಮ ಅದಕ್ಕಾಗಿ ಬೈಯುವಾಗ ರಕ್ಷಾ ತನ್ನ ಬಿಳಿ ಯೂನಿಫಾರಮ್ಮಿನ ಬೆನ್ನನ್ನು ನೆನೆದು ನಾಚುತ್ತಿದ್ದಳು. ಸೋಪಿಗೂ ಕೆಲಸವಿಲ್ಲದ ಬೆನ್ನು.

ಈ ವರ್ಷ ಪಿ.ಟಿ.ಗೆ ಉಮಾಶ್ರೀ ಮಿಸ್ ಬಂದರು. ದಸರಾ ರಜೆಗೆ ಮುಂಚಿನ ಕೊನೆಯ ದಿನ ಶಾಲೆಯಲ್ಲಿ ಆಯುಧಪೂಜೆ. ಬ್ಯಾಟು, ಬಾಲು, ಸ್ಕಿಪ್ಪಿಂಗ್ ಹಗ್ಗ, ಮಿಸ್ಸಿನ ವಿಸಲ್ಲು ಎಲ್ಲಕ್ಕೂ ವಿಭೂತಿ ಪಟ್ಟೆ, ಸೇವಂತಿಗೆ. ಆಯಾ ಇಂದ್ರಮ್ಮ ಶ್ರದ್ಧೆಯಿಂದ ಬಿಳಿ ಪೆಟ್ಟಿಗೆಗೂ ಕುಂಕುಮವಿಟ್ಟು ಹಾರ ಹಾಕಿದರು. ಕೋಣೆ ತುಂಬ ಸಾಂಬ್ರಾಣಿ ಹೊಗೆ. ಪೂಜೆಗೆ ಕೂತ ಸಾಮಾನು ರಜೆ ಮುಗಿಯುವವರೆಗೆ ಮುಟ್ಟುವಂತಿಲ್ಲ, ಅದು ಇಂದ್ರಮ್ಮನ ಕಟ್ಟುನಿಟ್ಟು. ಬೀಗ ಬಿತ್ತು.

ಮಧ್ಯಾಹ್ನ ಆಟದ ಪೀರಿಯಡ್.

"ಮಿಸ್, ಬಾಲೂ ಇಲ್ಲ, ಏನ್ ಆಡೋದು?"

"ಖೋಖೋಗೆ ಕಾಲಿದ್ರೆ ಸಾಕು ಕಣ್ರೋ. ಬನ್ನಿ!"

ತಂಡಕ್ಕೆ ಒಬ್ಬರು ಕಮ್ಮಿ ಬಿದ್ದರು. ಮಿಸ್ಸಿನ ಕಣ್ಣು ಮೆಟ್ಟಿಲ ಕಡೆ ಹೊರಳಿತು. "ರಕ್ಷಾ, ಆಡ್ತೀಯೇನೇ? ಉಸಿರು ಹೆಂಗಿದೆ? ರಾತ್ರಿ ಕೆಮ್ಮು ಗಿಮ್ಮು?"

ವಾರದಿಂದ ರಾತ್ರಿ ಕೆಮ್ಮು ಬಿಡದೆ ಕಾಡಿತ್ತು. ಬೆಳಗಿನ ಹೊಗೆಗೆ ಎದೆ ಆಗಲೇ ಬಿಗಿಯಾಗಿತ್ತು. ಆದರೆ ಹಾಗಂದರೆ ಮತ್ತೆ ಮೆಟ್ಟಿಲು.

"ಏನಿಲ್ಲ ಮಿಸ್."

"ಮೇಡಮ್ಮೋರು ಕೆಳಗಿಳಿದ್ರು!" ಎಂದು ಅಂಬುಜಾ ಕಿಚಾಯಿಸಿದಳು. "ವಾಚ್ ಯಾರ್ ಕಾಯ್ತಾರೇ?"

ಓಡುವ ಸರದಿ. ಮೊದಲ ಸುತ್ತಿನಲ್ಲಿ ರಕ್ಷಾ ಗಾಳಿಯಾದಳು. ಕಂಬದ ಹತ್ತಿರ ಅಂಬುಜಾಳ ಕೈಗೆ ಸಿಗದೆ ನುಣುಚಿದಾಗ ಯಾರೋ ಸಿಳ್ಳೆ ಹಾಕಿದರು. ಎರಡನೆಯ ಸುತ್ತಿಗೆ ಗಂಟಲಿನಲ್ಲಿ ಸಣ್ಣ ಕೊಳಲು ಕೇಳಿಸಿತು, ಅವಳಿಗೆ ಮಾತ್ರ. ಕೆಮ್ಮನ್ನು ನಗುವಿನೊಳಗೆ ಮುಚ್ಚಿದಳು. ಇನ್ನೊಂದು ಸ್ವಲ್ಪ, ದೇವರೇ, ಇನ್ನೊಂದು ಸುತ್ತು. ಕಂಬ ಹಿಡಿದು ಬಗ್ಗಿದವಳ ಭುಜ ಕಿವಿಯವರೆಗೆ ಏರಿ ಇಳಿಯುತ್ತಿತ್ತು.

"ಆಟ ನಿಲ್ಸಿ!" ಉಮಾಶ್ರೀ ಮಿಸ್ ಆಗಲೇ ಪಕ್ಕದಲ್ಲಿದ್ದರು. "ನಿನ್ ಅಡ್ರೆಸ್ ಹೇಳು ನೋಡೋಣ."

"ಮೂರನೇ... ಕ್ರಾಸ್... ಮಿಸ್... ನಾನು..."

ಒಂದೊಂದು ಪದಕ್ಕೂ ಒಂದೊಂದು ಉಸಿರು. ಮಿಸ್ಸಿಗೆ ಅಷ್ಟು ಸಾಕಾಯಿತು. ಅವಳನ್ನು ನೆರಳಿನಲ್ಲಿ ನೆಟ್ಟಗೆ ಕೂರಿಸಿದರು. "ಮಲಗಬೇಡ. ನಾನಿಲ್ಲೇ ಇದೀನಿ. ಕಾಲರ್ ಸಡಿಲ ಮಾಡ್ಕೊ. ಶ್ರೀಶ, ಓಡು, ಇಂದ್ರಮ್ಮನ ಹತ್ರ ಬಿಳಿ ಪೆಟ್ಟಿಗೆ ಇಸ್ಕೊಂಡ್ ಬಾ!"

ಶ್ರೀಶ ಬರಿಗೈಯಲ್ಲಿ ಬಂದ. ಹಿಂದೆಯೇ ಇಂದ್ರಮ್ಮ, ಸೆರಗಿನ ತುದಿಯಲ್ಲಿ ಬೀಗದ ಕೈ. "ಪೂಜೆ ಕದಲಿಸಬಾರ್ದು ಮಿಸ್ಸೆ, ಅಪಶಕುನ. ಬಿಸಿನೀರು ತರ್ಲಾ?"

"ಇಂದ್ರಮ್ಮಾ, ಇವಳ ತುಟಿ ನೋಡಿ."

ಇಂದ್ರಮ್ಮ ನೋಡಿದರು. ತುಟಿಗಳ ಬಣ್ಣ ಮಂಕಾಗಿತ್ತು. ಆ ವಯಸ್ಸಿನಲ್ಲಿ ಅವರು ಹಾಗೆ ಓಡಿದ್ದನ್ನು ಶಾಲೆ ಕಂಡಿರಲಿಲ್ಲ. ಹಾರದ ಸಮೇತ ಪೆಟ್ಟಿಗೆ ಬಂತು.

ಮಿಸ್ ಇನ್‌ಹೇಲರ್ ಕುಲುಕಿ, ಗಾಳಿಗೆ ಒಂದೆರಡು ಸಲ ಒತ್ತಿ ನೋಡಿ, ಸ್ಪೇಸರ್ ಎಂಬ ಉದ್ದ ಬುರುಡೆಗೆ ಸಿಕ್ಕಿಸಿದರು. "ಒಂದ್ ಪಫ್. ಮೆಲ್ಲಗೆ ಎಳ್ಕೊ, ಬಿಡು. ನಾಲ್ಕೈದು ಉಸಿರು. ಹಾಂ. ಈಗ ಇನ್ನೊಂದು." ಪೆಟ್ಟಿಗೆಯಿಂದ ಬುರುಡೆಗಂಟಿದ ಕುಂಕುಮ ರಕ್ಷಾಳ ಮೂಗಿಗೆ ಮೆತ್ತಿತು. ಇನ್ನೊಂದು ಕೈಯಲ್ಲಿ ಫೋನು ಹಿಡಿದು, "ಹತ್ತು ಪಫ್‌ಗೂ ಸರಿಹೋಗ್ಲಿಲ್ಲಾಂದ್ರೆ, ನಡುವೆ ಜಾಸ್ತಿಯಾದ್ರೂ, ನೂರೆಂಟು ಆಂಬುಲೆನ್ಸು" ಎಂದು ತಮಗೇ ಎಂಬಂತೆ ಹೇಳಿಕೊಂಡರು. ಆರನೆಯ ಪಫ್‌ಗೆ ಕೊಳಲು ಸಣ್ಣಗಾಯಿತು. ತುಟಿಗೆ ಬಣ್ಣ ಬಂತು.

ಪೂರ್ತಿ ಮಾತು ಬಂದಾಗ ರಕ್ಷಾ ಕೇಳಿದ್ದು ಒಂದೇ. "ಮಿಸ್, ನಾನ್ ಇನ್ನು ಆಡೋ ಹಂಗಿಲ್ವಾ?"

"ಇವತ್ತಂತೂ ಇಲ್ಲ ಕಣೇ."

ಆ 'ಇವತ್ತು' ಅನ್ನುವ ಪದವನ್ನು ರಕ್ಷಾ ಎದೆಗವಚಿಕೊಂಡಳು.

ಅವ್ವ ಬಂದಳು, ಕೂದಲಲ್ಲಿ ನೂಲಿನ ತುಣುಕುಗಳೊಡನೆ. "ಆಡಿಸಬ್ಯಾಡ್ರಿ ಅಂತ ಹೇಳಿದ್ನಿಲ್ಲೊ!"

"ಆಟ ಅಲ್ಲ ಲಕ್ಷ್ಮಿಯವರೇ, ಮುಚ್ಚಿಟ್ಟಿದ್ದು ಅಪಾಯ. ನಾನೂ ಬೆಳಿಗ್ಗೆ ಆ ಪೆಟ್ಟಿಗೆ ತೆಗ್ದಿಟ್ಕೋಬೇಕಿತ್ತು, ತಪ್ಪು ನಂದೂ ಇದೆ. ಇವತ್ತೇ ಡಾಕ್ಟರ್‌ಗೆ ತೋರ್ಸಿ. ಓಡಬಹುದಾ, ಓಡೋದಾದ್ರೆ ಹೆಂಗೆ ಅಂತ ಕೇಳ್ಕೊಂಡ್ ಬನ್ನಿ. ಔಷಧಿ ಮಾತ್ರ ಇನ್ಮೇಲೆ ಇವಳ ಮೈಮೇಲೇ ಇರ್ಲಿ."

ಅವ್ವ ಆ ಸಂಜೆಯೇ ಮಗಳನ್ನು ಡಾಕ್ಟರ ಬಳಿ ಕರೆದೊಯ್ದಳು. ಆಟದ ಮಾತನ್ನು ಮಾತ್ರ ರಜೆಯಿಡೀ ಎತ್ತಲಿಲ್ಲ. ರಕ್ಷಾ ಬೆಳಿಗ್ಗೆ ಸಂಜೆ ಮನೆಯಲ್ಲಿಡುವ ದಿನನಿತ್ಯದ ಇನ್‌ಹೇಲರನ್ನು ತಪ್ಪದೆ ಎಳೆದುಕೊಂಡಳು, ರಾತ್ರಿಯ ಕೆಮ್ಮನ್ನು ಬಚ್ಚಿಡಲಿಲ್ಲ. ಅಜ್ಜಿಯ ಮಗ್ಗುಲಲ್ಲಿ ಮಲಗಿ ಕೇಳಿದಳು. "ಅಜ್ಜಿ, ಆ ರಾಕ್ಷಸ ಗಿಳಿನ ತನ್ ಹೆಗಲ ಮ್ಯಾಲೆ ಕೂಡ್ರಿಸ್ಕೊಂಡಿದ್ರ?"

"ಕಥಿನ ಇರ್ತಿರಲಿಲ್ಲವ್ವ" ಅಂದಳು ನೀಲಮ್ಮ, ಆಕಳಿಸುತ್ತ. "ಆರಾಮ ಇರ್ತಿದ್ದ ಅವ."

ಶಾಲೆ ಶುರುವಾಗುವ ಬೆಳಿಗ್ಗೆ ಟ್ರ್ಯಾಕ್ ಪ್ಯಾಂಟಿನ ಸೊಂಟದಲ್ಲಿ ಹೊಸದೊಂದು ಜೇಬು ಇತ್ತು. ಇನ್‌ಹೇಲರಿನ ಅಳತೆಗೆ ಸರಿಯಾಗಿ, ಎರಡು ಸಾಲು ಹೊಲಿಗೆ. ಬಣ್ಣ ಮಾತ್ರ ಕಣ್ಣಿಗೆ ಹೊಡೆಯುವ ಹಳದಿ.

"ಎಲ್ಲಾರಿಗೂ ಕಾಣ್ತೈತಲ್ಲವ್ವ."

"ಕಾಣ್ಲಿ" ಅಂದಳು ಅವ್ವ, ಬಸ್ಸಿಗೆ ಹೊರಡುತ್ತ.

ಆಟಕ್ಕೆ ಕಾಲು ಗಂಟೆ ಮುಂಚೆ, ಡಾಕ್ಟರು ಹೇಳಿದಂತೆ, ಎರಡು ಪಫ್. ಮೈದಾನಕ್ಕೆ ಇಂದ್ರಮ್ಮ ಆಗಲೇ ನೀರು ಚಿಮುಕಿಸಿದ್ದರು, ಧೂಳು ಏಳದಂತೆ. ಬಿಳಿ ಪೆಟ್ಟಿಗೆ ಮೆಟ್ಟಿಲ ಮೇಲೆ, ಹಾರವಿಲ್ಲದೆ, ಬೀಗವಿಲ್ಲದೆ. ಎಲ್ಲರೂ ಮೊದಲು ನಿಧಾನ ನಡಿಗೆ, ಆಮೇಲೆ ಸಣ್ಣ ಓಟ.

"ಈ ತಿಂಗಳು ಓಡಿ ತಪ್ಪಿಸ್ಕೊಳ್ಳೋದು ಬೇಡ" ಅಂದರು ಮಿಸ್. "ಹಿಡಿಯೋರ ಸಾಲಲ್ಲಿ ಕೂರು. ಖೋ ಬಿದ್ರೆ ಓಟ, ಕೊಟ್ರೆ ಕೂತ್ಕೊಂಡು ದಮ್ ತಗೊ. ಎದೆ ಬಿಗಿದ್ರೆ ಕೈ ಎತ್ತು. ಯಾರೂ ಬೈಯಲ್ಲ."

ರಕ್ಷಾ ಚೌಕದಲ್ಲಿ ಮಂಡಿ ಮಡಚಿ ಕೂತಳು. ಒದ್ದೆ ಮಣ್ಣಿನ ವಾಸನೆ. ಹಿಂದೆ ಓಡುತ್ತಿರುವ ಕಾಲುಗಳು. ಒಮ್ಮೆ ಹತ್ತಿರ ಬಂದವು, ಉಸಿರು ಹಿಡಿದಳು. ಪಕ್ಕದವಳಿಗೆ "ಖೋ!" ಬಿತ್ತು. ಮತ್ತೆ ದೂರ ಹೋದವು. ಎಷ್ಟೋ ವರ್ಷ ಕಾದ ಬೆನ್ನು ಇನ್ನೊಂದು ಸ್ವಲ್ಪ ಕಾಯಲಾರದೇ ಹೋಯಿತು.

ಅಂಬುಜಾ ತಿರುಗಿ ಈ ಕಡೆಗೇ ಬರುತ್ತಿದ್ದಳು. ಬಟ್ಟೆ ಸುಕ್ಕಿದ್ದಲ್ಲಿ ಕೆಮ್ಮಣ್ಣಿನ ಬೆರಳು ಮುರಿದಂತೆ ಮೂಡೀತೆಂದು ರಕ್ಷಾ ಬೇಗನೆ ಅಂಗಿಯನ್ನು ಬೆನ್ನಿನ ಮೇಲೆ ಬಿಗಿಯಾಗಿ ಎಳೆದುಕೊಂಡಳು.