ದಿಬ್ಬದ ಮರಳು

ಆಂಡರ್ಸನ್‌ಪೇಟೆಯ ಇಂದ್ರಾಣಮ್ಮನ ತಾರಸಿಯಲ್ಲಿ ಸೊಪ್ಪಿನ ಮಡಿ ಕಟ್ಟಿಕೊಡಲು ಕಲ್ಪನ ಒಪ್ಪಿಕೊಂಡಿದ್ದು ಮಗುವಿನ ಕಾರಣಕ್ಕೆ. ಬಂಗಾರಪೇಟೆಯಲ್ಲಿ ಅವಳದೊಂದು ಸಣ್ಣ ನರ್ಸರಿ ಇತ್ತು. ಮಳೆಗಾಲಕ್ಕೆ ಮೊದಲು ಕೈತುಂಬ ಕೆಲಸ, ಹೊಸದನ್ನು ಹಿಡಿಯುವ ಮನಸ್ಸಿರಲಿಲ್ಲ. ಆದರೆ ಇಂದ್ರಾಣಮ್ಮ ಸೊಸೆ ಆಶಾರಾಣಿಯನ್ನೂ ಎರಡು ವರ್ಷದ ಮೊಮ್ಮಗಳು ಪುಟ್ಟಿಯನ್ನೂ ಕರೆದುಕೊಂಡು ನರ್ಸರಿಗೇ ಬಂದುಬಿಟ್ಟಿದ್ದರು.

"ಮಾರ್ಕೆಟ್ ಸೊಪ್ಪಿಗೆ ಏನೇನು ಔಷ್ದಿ ಒಡೀತಾರೋ ಗೊತ್ತಿಲ್ಲಮ್ಮ. ಮಗೀಗೆ ಒಂದ್ ಹಿಡಿ ಒಳ್ಳೆ ಸೊಪ್ಪು ತಿನ್ನಿಸ್ಬೇಕು ಅಂತ ಆಸೆ," ಎಂದಿದ್ದರು. ಅಷ್ಟರಲ್ಲಿ ಪುಟ್ಟಿ ಪುದೀನದ ಎಲೆಯೊಂದನ್ನು ಕಿತ್ತು ಬಾಯಿಗಿಟ್ಟುಕೊಂಡಿದ್ದಳು. ಎಲ್ಲರೂ ನಕ್ಕರು.

ಎಂಟು ಅಡಿ ಉದ್ದ, ಮೂರಡಿ ಅಗಲ, ಮುಕ್ಕಾಲು ಅಡಿ ಎತ್ತರದ ಮಡಿ. ಅದನ್ನು ತಾರಸಿಯ ನಡುವೆ ಇಡದೆ, ಕೆಳಗಿನ ಮನೆಯ ಗೋಡೆ ಹಾದುಹೋಗುವ ಸಾಲಿನಲ್ಲೇ ಇಡಿಸಿದಳು ಕಲ್ಪನ. ನೀರು ಕುಡಿದ ಮಣ್ಣಿನ ಭಾರ ಮುಕ್ಕಾಲು ಟನ್ನಿಗೆ ಹೋಗುತ್ತದೆ, ಅಷ್ಟನ್ನು ಬರಿಯ ಸ್ಲ್ಯಾಬಿನ ಮೇಲೆ ಹೇರಬಾರದು. ಅಡಿಯಲ್ಲಿ ಇಟ್ಟಿಗೆ ಕೊಟ್ಟು ನೀರು ಹೊರಗೆ ಹೋಗಲು ದಾರಿ ಬಿಟ್ಟಳು. ಇನ್ನು ಮಿಶ್ರಣ. ಅವಳ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ: ಕೆಮ್ಮಣ್ಣು ಎರಡು ಪಾಲು, ಕಳಿತ ಗೊಬ್ಬರ ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು, ದಪ್ಪ ಮರಳು ಒಂದು. ಆ ಮಡಿ ಹಿಡಿಸುವುದು ಐನೂರು ಲೀಟರಿನಷ್ಟಾದರೂ ಆರುನೂರು ಲೀಟರ್ ಕಲಸಬೇಕು, ಯಾಕೆಂದರೆ ನೀರು ಬಿದ್ದಮೇಲೆ ಮಣ್ಣು ಕುಸಿಯುತ್ತದೆ. ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟೇ ಅವಳ ಅಳತೆ. ಹತ್ತು ಬಕೆಟ್ ಮಣ್ಣು, ಹತ್ತು ಗೊಬ್ಬರ, ಐದು ನಾರಿನ ಪುಡಿ, ಐದು ಮರಳು.

ಗೊಬ್ಬರ ಬೂದಿಕೋಟೆಯ ಹಸು ಕೊಟ್ಟಿಗೆಯಿಂದ ಬಂತು. ವರ್ಷ ಕಳಿತು ಕಪ್ಪಾಗಿ, ಹಿಡಿದರೆ ಮಳೆ ಬಿದ್ದ ನೆಲದ ವಾಸನೆ. ಬರದೆ ಉಳಿದಿದ್ದು ಮರಳು. ಲಾರಿ ಮುಷ್ಕರ ಅಂತ ಬಂಗಾರಪೇಟೆಯಲ್ಲಿ ಮರಳು ಮಾರುವ ಯಾರ್ಡು ಬಾಗಿಲು ಹಾಕಿತ್ತು. ಅವಳ ಜೊತೆ ಟೆಂಪೊ ಓಡಿಸಿ ಮಣ್ಣು ಹೊರುವ ಮುನೀಂದ್ರ ಹಳೆಯ ಚಿನ್ನದ ಗಣಿಯ ಪಕ್ಕದ ಕೋರಮಂಡಲ್‌ನವನು. ಮದುವೆಯಾಗಿ ಸಂಸಾರ ನಡೆಸುತ್ತಿದ್ದ ಗಟ್ಟಿ ಆಳು. ಅವನು ಫೋನಿನಲ್ಲಿ ಕೇಳಿದ.

"ಅಕ್ಕಾ, ಮರಳು ಇಲ್ಲ ಅಂತವ್ರೆ. ಏನ್ ಮಾಡಾದು?"

"ಎಲ್ಲಾದ್ರೂ ನೋಡಿ ತಗೊಂಬಾ ಕಣಪ್ಪ. ಮಳೆ ಬರೋ ಅಂಗಿದೆ, ಗೊಬ್ಬರ ಎಲ್ಲ ಬಯಲಲ್ಲಿ ಬಿದ್ದಿದೆ."

ಅವನು ಮೂರು ಚೀಲ ತಂದ. ತಾರಸಿಯಲ್ಲಿ ಟಾರ್ಪಾಲು ಹಾಸಿ ಕಲಸುವಾಗ ಕಲ್ಪನ ಅದನ್ನು ನೋಡಿದಳು. ಮರಳಿನ ಬಣ್ಣ ಬೂದಿಯಂತಿತ್ತು. ಬಕೆಟ್ಟಿಗೆ ಸುರಿಯುವಾಗ ಸಣ್ಣ ಹೊಗೆ ಎದ್ದಂತೆ ಧೂಳೆದ್ದಿತು. ಒಂದು ಕ್ಷಣ ಅವಳ ಕೈ ನಿಂತಿತು. ಬೆರಳಲ್ಲಿ ತಿಕ್ಕಿ ನೋಡಬೇಕು ಅನ್ನಿಸಿತು. ಅಷ್ಟರಲ್ಲಿ ಮೋಡ ಗುಡುಗಿತು, ಇಂದ್ರಾಣಮ್ಮ ಕಾಫಿ ತಂದರು, ಮುನೀಂದ್ರ ಸಲಿಕೆಯಿಂದ ಎಲ್ಲವನ್ನೂ ತಿರುವಿ ಹಾಕಿದ. ಕೆಮ್ಮಣ್ಣಿನಲ್ಲಿ ಬೂದಿಬಣ್ಣ ಕರಗಿಹೋಯಿತು. ಅವಳೂ ಸುಮ್ಮನಾದಳು. ಮುಕ್ಕಾಲು ಚೀಲ ಮಿಕ್ಕಿದ್ದನ್ನು ಟೆಂಪೊದಲ್ಲಿ ವಾಪಸು ಒಯ್ದು ನರ್ಸರಿಯ ಮೂಲೆಯಲ್ಲಿ ಇಟ್ಟರು.

ದಂಟಿನ ಸೊಪ್ಪು, ಮೆಂತ್ಯ ಬೇಗ ಮೇಲೆ ಬಂದವು. ಇಂದ್ರಾಣಮ್ಮ ಎರಡು ಸಲ ಕೊಯ್ದು ಬಸ್ಸಾರು ಮಾಡಿದ ಸುದ್ದಿ ಫೋನಿನಲ್ಲಿ ಹೇಳಿದರು. ಆಮೇಲೆ ಬಂದ ಫೋನಿನಲ್ಲಿ ಸಂಭ್ರಮವಿರಲಿಲ್ಲ.

"ನೀರಾಕಿದ್ರೆ ಕೆಳಗೆ ಇಳೀತಾನೇ ಇಲ್ಲ ಕಲ್ಪನ. ಮೇಲೆ ಕೆರೆ ಅಂಗೆ ನಿಲ್ತದೆ. ಗಿಡ ಎಲ್ಲ ಅಳದಿ ಆಗ್ತೈತೆ."

ಕಲ್ಪನ ಹೋಗಿ ನೋಡಿದಾಗ ಮಡಿಯ ಮೇಲ್ಮೈ ರೊಟ್ಟಿಯ ಹಾಗೆ ಕಟ್ಟಿಕೊಂಡಿತ್ತು. ಒಣಗಿದ ಕಡೆ ತೆಳ್ಳಗೆ ಬಿಳಿಯ ಪೊರೆ. ಗಿಡವೊಂದನ್ನು ಕಿತ್ತರೆ ಬೇರಿನ ತುದಿ ಕಂದಾಗಿತ್ತು. ಮರಳು ಹಾಕುವುದು ಮಣ್ಣಿನ ಕಣಗಳ ನಡುವೆ ಸಂದು ಬಿಡಲಿ, ನೀರೂ ಗಾಳಿಯೂ ಓಡಾಡಲಿ ಎಂದು. ಇಲ್ಲಿ ಅದೇ ಮರಳು ಇದ್ದ ಸಂದನ್ನೆಲ್ಲ ಮುಚ್ಚಿಕೊಂಡು ಕುಳಿತಿತ್ತು. ಮಡಿಯ ಅಂಚಿನಲ್ಲಿ ಪುಟ್ಟಿ ಕುಕ್ಕರುಗಾಲಲ್ಲಿ ಕುಳಿತು ಚಮಚದಲ್ಲಿ ಮಣ್ಣು ಕೆದಕುತ್ತಿದ್ದಳು. ಮೂತಿಯ ಸುತ್ತ ಮಣ್ಣು.

"ದಿನಾ ಇಲ್ಲೇ ಆಟ ಇವಳದು," ಎಂದಳು ಆಶಾರಾಣಿ ನಗುತ್ತಾ. "ಎಷ್ಟು ಒರೆಸಿದ್ರೂ ಬಾಯಿಗೆ ಆಕ್ಕೊಂತಾಳೆ."

ಕಲ್ಪನ ಮಗುವನ್ನು ಎತ್ತಿ ಆಶಾರಾಣಿಯ ಕೈಗೆ ಕೊಟ್ಟಳು. "ಮಣ್ಣಲ್ಲಿ ಏನೋ ಎಡವಟ್ಟಾಗಿದೆ. ನಾಳೆ ಬತ್ತೀನಿ. ಅಲ್ಲೀವರ್ಗೂ ಸೊಪ್ಪು ಕೊಯ್ಯಬ್ಯಾಡಿ, ಪುಟ್ಟೀನ ಮೇಲಕ್ಕೆ ಬಿಡಬ್ಯಾಡಿ," ಎಂದಷ್ಟೇ ಹೇಳಿ ಇಳಿದು ಬಂದಳು.

ನರ್ಸರಿಗೆ ಬಂದವಳೇ ಮೂಲೆಯ ಚೀಲದಿಂದ ಒಂದು ಹಿಡಿ ತೆಗೆದು ಗಾಜಿನ ಬಾಟಲಿಗೆ ಹಾಕಿ ನೀರು ತುಂಬಿ ಕುಲುಕಿದಳು. ಇನ್ನೊಂದು ಬಾಟಲಿಗೆ ಹಳೆಯ ದಪ್ಪ ಮರಳು. ದಪ್ಪ ಮರಳು ಕುಲುಕುವುದು ನಿಲ್ಲಿಸುವಷ್ಟರಲ್ಲಿ ತಳ ಸೇರಿತು, ಮೇಲೆ ನೀರು ತಿಳಿಯಾಯಿತು. ಈ ಬಾಟಲಿ ಮಾತ್ರ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ, ಕದಡಿಕೊಂಡೇ ಉಳಿಯಿತು. ಬೆರಳಲ್ಲಿ ತಿಕ್ಕಿದಳು. ಗರಗರ ಇಲ್ಲ, ಪೌಡರಿನ ಹಾಗೆ ನುಣುಪು.

ಮುನೀಂದ್ರನನ್ನು ಕರೆದು ಬಾಟಲಿ ತೋರಿಸಿದಳು. "ಎಲ್ಲಿಂದ ತಂದೆ ಇದನ್ನ?"

"ನಮ್ಮ ಮನೆ ಹಿಂದ್ಗಡೆ ದಿಬ್ಬದಿಂದ."

"ಸೈನೈಡ್ ದಿಬ್ಬದಿಂದಾನಾ?"

"ಊಂ. ಅಲ್ಲಕ್ಕಾ, ನೀನೇ ಎಲ್ಲಾದ್ರೂ ನೋಡು ಅಂದೆ. ಅದೂ ಮರಳೇ ಅಲ್ವಾ?"

"ಮರಳಲ್ಲ ಕಣ್ಲಾ ಅದು! ಚಿನ್ನ ತೆಗೆಯೋಕೆ ಕಲ್ಲನ್ನ ಇಟ್ಟಿನ ಅಂಗೆ ಅರೆದು, ವಿಷದ ನೀರಲ್ಲಿ ತೊಳೆದು ಬಿಸಾಕಿರೋ ಪುಡಿ. ಆ ಕಲ್ಲಲ್ಲೇ ಪಾಷಾಣ ಇರ್ತದೆ, ಆರ್ಸೆನಿಕ್ ಅಂತಾರಲ್ಲ ಅದು. ಸೈನೈಡ್ ಬಿಸಿಲಿಗೆ ಓಗಿರಬೋದು, ಪಾಷಾಣ ಎಲ್ಲಿಗೂ ಓಗಲ್ಲ. ಅದನ್ನ ಮಗು ತಿಂದದೆ!"

ಮುನೀಂದ್ರನ ಮುಖ ಕೆಂಪಾಯಿತು. "ನಾವು ಉಟ್ಟಿದ್ದೇ ಆ ದಿಬ್ಬದ ಕೆಳಗೆ. ಜಾರ್‌ಬಂಡೆ ಆಡಿದ್ದು ಅದ್ರ ಮೇಲೆ. ಮನೆ ಗೋಡೆಗೆ ಮೆತ್ತಿರೋದು ಅದೇ, ನಮ್ಮಮ್ಮ ಪಾಟಿಗೆ ಆಕಿರೋದು ಅದೇ. ಬೇಸಗೇಲಿ ಗಾಳಿ ಎದ್ರೆ ಅನ್ನದ ಮೇಲೂ ಅದೇ ಬೀಳ್ತದೆ. ಆವಾಗ ಯಾರಕ್ಕಾ ಬಂದು ಇಂಗೆ ಕೂಗಾಡಿದ್ರು?"

ಅವನು ಟೆಂಪೊ ಕೀಲಿಯನ್ನು ಮೇಜಿನ ಮೇಲಿಟ್ಟು ನಡೆದೇ ಹೋದ.

ಮಾರನೇ ದಿನ ಆಂಡರ್ಸನ್‌ಪೇಟೆಯ ಆ ಮನೆಯ ಮೆಟ್ಟಿಲು ಹತ್ತುವಾಗ ಮರಳು ತಂದವನ ತಪ್ಪು ಎಂದು ಹೇಳಿಬಿಡಬಹುದಲ್ಲ ಎಂಬ ಯೋಚನೆ ಅವಳ ತಲೆಯಲ್ಲಿ ಸುಳಿದಾಡಿತು. ಅದು ಸುಳ್ಳೂ ಆಗಿರಲಿಲ್ಲ. ಆದರೆ ಆಶಾರಾಣಿ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಎದುರು ನಿಂತಾಗ ಅವಳ ಬಾಯಿಂದ ಬೇರೆ ಮಾತು ಬಂತು.

"ಮಡಿಗಾಕಿದ ಮರಳು ಸೈನೈಡ್ ದಿಬ್ಬದ್ದು, ಅದ್ರಲ್ಲಿ ಪಾಷಾಣ ಇರ್ತದೆ. ತಂದ ದಿನಾನೇ ಅದರ ಬಣ್ಣ ನೋಡಿದ್ದೆ. ಅನುಮಾನ ಬಂತು. ಮಳೆ ಬತ್ತದೆ ಅಂತ ಸುಮ್ನಾಗ್ಬಿಟ್ಟೆ."

ಆಶಾರಾಣಿ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಉಗುರಿನ ಸಂದು ನೋಡತೊಡಗಿದಳು. ಇಂದ್ರಾಣಮ್ಮ ಮಾತ್ರ ಗೋಡೆಗೆ ಒರಗಿ ಕುಳಿತು, "ನಾನೇ ಕೈಯಾರೆ ಕಲಸಿ ತಿನ್ನಿಸಿದ್ನಲ್ಲಪ್ಪಾ," ಎಂದು ಹಣೆ ಬಡಿದುಕೊಂಡರು.

ಮಗುವನ್ನು ಡಾಕ್ಟರ ಬಳಿಗೆ ಕರೆದೊಯ್ದರು. ಕಲ್ಪನಳೂ ಹಿಂದೆ ಹೋದಳು, ಯಾರೂ ಬಾ ಎನ್ನದಿದ್ದರೂ. ಮೂತ್ರ ಪರೀಕ್ಷೆಗೆಂದು ಬೆಂಗಳೂರಿಗೆ ಹೋಗಬೇಕಿತ್ತು. ಮಡಿಯ ಮಣ್ಣೂ ಅಷ್ಟೇ. ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಸಾರ, ಹುಳಿ, ಉಪ್ಪು ಹೇಳುತ್ತಾರೆಯೇ ಹೊರತು ಪಾಷಾಣ ಹೇಳುವುದಿಲ್ಲ. ಕಾಯುವ ಆ ದಿನಗಳಲ್ಲಿ ಅವಳು ನರ್ಸರಿಯಲ್ಲಿ ಯಾವ ಚೀಲ ಬಿಚ್ಚಿದರೂ ಮೊದಲು ಬೆರಳಲ್ಲಿ ತಿಕ್ಕುತ್ತಿದ್ದಳು, ಬರಿಯ ಗೊಬ್ಬರವಾದರೂ.

ಮಣ್ಣಿನಲ್ಲಿ ಪಾಷಾಣ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು. ಮಗುವಿನ ಮೂತ್ರದಲ್ಲಿ ಅದು ಮಿತಿಯ ಅಂಚಿನಲ್ಲಿತ್ತು. "ಈಗ ಹೆದರುವಂಥದ್ದೇನಿಲ್ಲ. ಆದರೆ ಇದು ಈಚಿನ ದಿನಗಳದನ್ನಷ್ಟೇ ಹೇಳುತ್ತೆ. ಇನ್ನು ಆ ಮಣ್ಣು ಮುಟ್ಟಿಸಬೇಡಿ, ಕೆಲವು ತಿಂಗಳು ಬಿಟ್ಟು ಮತ್ತೆ ನೋಡೋಣ," ಎಂದರು ಡಾಕ್ಟರು. ಇಂದ್ರಾಣಮ್ಮ ಕೈಮುಗಿದರು. ಆಶಾರಾಣಿ, "ಮತ್ತೆ ನೋಡೋಣ ಅಂದ್ರೆ?" ಎಂದು ಎರಡು ಸಲ ಕೇಳಿದಳು.

ಮಡಿ ಬಿಚ್ಚುವ ದಿನ ಕಲ್ಪನ ತಾನೇ ಟೆಂಪೊ ಓಡಿಸಿಕೊಂಡು ಒಬ್ಬಳೇ ಬಂದಳು. ಧೂಳೇಳದಿರಲೆಂದು ಮೊದಲು ಮಣ್ಣಿಗೆ ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿ, ಗ್ಲೌಸ್ ತೊಟ್ಟು ಚೀಲಕ್ಕೆ ತುಂಬತೊಡಗಿದಳು. ಐದು ಬಕೆಟ್ ಮರಳು ಮೂವತ್ತು ಬಕೆಟ್ಟನ್ನೂ ಕೆಡಿಸಿತ್ತು. ಅಷ್ಟು ಒಳ್ಳೆಯ ಗೊಬ್ಬರವನ್ನು ಈಗ ಯಾವ ಹೊಲಕ್ಕೂ ಚೆಲ್ಲುವ ಹಾಗಿಲ್ಲ, ಮೋರಿಗೂ ಸುರಿಯುವ ಹಾಗಿಲ್ಲ. ಏಳನೇ ಚೀಲ ಕಟ್ಟುವಾಗ ಸೊಂಟ ಹಿಡಿದುಕೊಂಡಿತು. ಆಗ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಮುನೀಂದ್ರ. ಬಂದವನೇ ಚೀಲವೊಂದನ್ನು ಹೆಗಲಿಗೇರಿಸಿದ.

"ಎಲ್ಲಿಗಾಕೋದು?" ಕೇಳಿದಳು ಕಲ್ಪನ.

"ಬಂದ ಕಡೇಗೇ ಓಗ್ಲಿ. ಬೇರೆ ಎಲ್ಲಿ ಆಕಿದ್ರೂ ಇನ್ಯಾರೋ ಸೊಪ್ಪು ಬೆಳೀತಾರೆ."

ಖಾಲಿಯಾದ ಮಡಿಯನ್ನು ತೊಳೆದು, ಟೆಂಪೊದಲ್ಲಿ ಹೊಸ ಮಣ್ಣು, ಗೊಬ್ಬರ ತಂದಿದ್ದೇನೆ, ಮತ್ತೆ ಕಲಸಿಕೊಡುತ್ತೇನೆ ಎಂದಳು ಕಲ್ಪನ. ಆಶಾರಾಣಿ ಬೇಡವೆಂದಳು. "ನೀವು ಒಳ್ಳೇದೇ ಆಕ್ತೀರ, ಗೊತ್ತು. ಆದ್ರೆ ನಂಗೆ ಅದ್ರಿಂದ ಕಿತ್ತು ಮಗೀಗೆ ತಿನ್ನಿಸೋಕೆ ಕೈ ಬರಲ್ಲ." ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಕಲ್ಪನ ತಲೆಯಾಡಿಸಿ ಇಳಿದಳು.

ಚೀಲಗಳನ್ನು ದಿಬ್ಬದ ಬುಡದಲ್ಲಿ ಇಳಿಸಿದ ಮೇಲೆ ಮುನೀಂದ್ರ ಟೆಂಪೊ ಹತ್ತಲಿಲ್ಲ. "ಅಕ್ಕಾ, ಮನೇಗೆ ಬಂದೋಗು. ಅಮ್ಮನ ಪಾಟು ಒಂದಷ್ಟು ನೋಡಬೇಕು," ಎಂದ.

ಕೋರಮಂಡಲ್‌ನ ಸಾಲುಮನೆಯೊಂದರ ಮುಂದೆ ಒಡೆದ ಬಕೆಟ್ಟುಗಳಲ್ಲಿ, ಡಬ್ಬಗಳಲ್ಲಿ ಕರಿಬೇವು, ಟೊಮೇಟೊ, ದೊಡ್ಡಪತ್ರೆ, ಮಲ್ಲಿಗೆ. ಎಲ್ಲದರ ಬುಡದಲ್ಲೂ ಅದೇ ಬೂದಿ. ಅವನ ತಾಯಿ ಆದಿಲಕ್ಷ್ಮಮ್ಮ ಮೊದಲು ಕೈ ಅಡ್ಡ ಹಿಡಿದರು.

"ನನ್ ಗಿಡ ಯಾವತ್ತಾದ್ರೂ ಸತ್ತವಾ? ನಾನು ಸತ್ತಿದ್ದೀನಾ?"

"ಸಾಯೋದಲ್ಲಮ್ಮ ಮಾತು," ಎಂದ ಮುನೀಂದ್ರ.

ಕಲ್ಪನ ಮೆಟ್ಟಿಲ ಮೇಲೆ ಆಕೆಯ ಪಕ್ಕ ಕುಳಿತಳು. "ಮಲ್ಲಿಗೆ ಇರ್ಲಿ ಬಿಡಮ್ಮ, ಅದನ್ನ ತಿನ್ನಲ್ಲ. ತಿನ್ನೋ ಗಿಡ ಮಾತ್ರ ಬದಲಾಯಿಸ್ತೀನಿ. ಬೇರು ತೊಳೆದು ಇಡ್ತೀನಿ, ಒಂದೂ ಸಾಯಕ್ಕೆ ಬಿಡಲ್ಲ."

ಆದಿಲಕ್ಷ್ಮಮ್ಮ ದಿಬ್ಬದ ಕಡೆ ನೋಡಿದರು. ಗಾಳಿ ಅದರ ನೆತ್ತಿಯಿಂದ ಬಿಳಿ ಪುಡಿಯನ್ನು ಎತ್ತಿಕೊಂಡು ಮನೆಗಳ ಕಡೆ ಬರುತ್ತಿತ್ತು. "ಪಾಟು ಬದಲಾಯಿಸ್ತೀರ. ಅದನ್ನೇನ್ ಮಾಡ್ತೀರ?"

ಕಲ್ಪನ ಎದ್ದು ಟೊಮೇಟೊ ಬಕೆಟ್ಟನ್ನು ಮೆಲ್ಲಗೆ ಮಗುಚಿ, ಬೇರನ್ನು ನೀರಿಗೆ ಅದ್ದಿದಳು. ಮುನೀಂದ್ರ ಟೆಂಪೊದಿಂದ ಗೊಬ್ಬರದ ಚೀಲ ಇಳಿಸಲು ಹೋದ. ಸ್ವಲ್ಪ ಹೊತ್ತಿಗೆ ಆದಿಲಕ್ಷ್ಮಮ್ಮನೂ ಸೆರಗಿನಿಂದ ಮೂಗು ಮುಚ್ಚಿಕೊಂಡು, ಕರಿಬೇವಿನ ಡಬ್ಬವನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅವಳ ಮುಂದಿಟ್ಟರು.