ಹಸಿರು ಚುಕ್ಕೆ ನೋಡಿ ಹೇಳಿದ ಮಾತು

ಇಂಗ್ಲಿಷ್ ಓದುವ ವಿಷಯದಲ್ಲಿ ನಮ್ಮ ಬೀದಿಗೆ ನಾನು ಊರಿಗೊಬ್ಬಳೇ ಪದ್ಮಾವತಿ. ಚಿಕ್ಕನಾಯಕನಹಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿ ಮನೆಯಲ್ಲಿ ಕೂತಿದ್ದೇನೆ. ಬ್ಯಾಂಕಿನ ಕಾಗದ, ಔಷಧಿ ಚೀಟಿ, ಗೊಬ್ಬರದ ಚೀಲದ ಮೇಲಿನ ಬರಹ, ಎಲ್ಲವೂ ಫೋಟೋ ಆಗಿ ನನ್ನ ಫೋನಿಗೆ ಬಂದು ಬೀಳುತ್ತವೆ. ನಾನು ಕನ್ನಡಕ ಏರಿಸಿ ತೀರ್ಪು ಕೊಡುತ್ತೇನೆ. ಸುಳ್ಳೇಕೆ ಹೇಳಲಿ, ಅದರಲ್ಲಿ ನನಗೆ ಹೆಮ್ಮೆಯೇ ಇತ್ತು.

ಅವತ್ತು ಮಧ್ಯಾಹ್ನ ಫೋಟೋ ಕಳಿಸಿದವಳು ಎದುರು ಮನೆಯ ಫಿರ್ದೌಸ್. ಮೂರು ತಿಂಗಳ ಹಿಂದೆ ಹುಳಿಯಾರಿನಿಂದ ಬಂದು ಇಲ್ಲಿ ಬಾಡಿಗೆಗೆ ಇದ್ದಾರೆ. ಅವಳು ಬ್ಲೌಸ್ ಹೊಲಿಯುತ್ತಾಳೆ, ಗಂಡ ಸನಾವುಲ್ಲಾ ಬೈಕ್ ರಿಪೇರಿ ಮಾಡುತ್ತಾನೆ, ನಾಲ್ಕು ವರ್ಷದ ಮಗ ಅಫ್ತಾಬ್. ಫೋಟೋದಲ್ಲಿ ಕೊಬ್ಬರಿ ಬಿಸ್ಕತ್ತಿನ ಪೊಟ್ಟಣದ ಹಿಂಭಾಗ, ಸಾಸಿವೆ ಗಾತ್ರದ ಇಂಗ್ಲಿಷ್ ಅಕ್ಷರ. ಕೆಳಗೆ ಅವಳ ಎರಡೇ ಮಾತು: ‘ಅಕ್ಕಾ, ಇದು ಆಗುತ್ತಾ?’

ನಾನು ದೊಡ್ಡದು ಮಾಡಿ ನೋಡಿದೆ. ಮೈದಾ, ಸಕ್ಕರೆ, ಪಾಮ್ ಎಣ್ಣೆ, ಒಣ ಕೊಬ್ಬರಿ ತುರಿ, ವೇ ಪೌಡರ್, ಉಪ್ಪು, ಎಮಲ್ಸಿಫೈಯರ್ 471. ಆ 471ರ ಹತ್ತಿರ ನಿಂತುಕೊಂಡೆ. ಅದನ್ನು ಎಣ್ಣೆಯಿಂದಲೂ ಮಾಡುತ್ತಾರೆ, ಪ್ರಾಣಿಯ ಕೊಬ್ಬಿನಿಂದಲೂ ಮಾಡುತ್ತಾರೆ ಎಂದು ಎಲ್ಲೋ ಓದಿದ್ದೆ. ಸಾಬರ ಮನೆ, ಹಂದಿ ಕೊಬ್ಬು ಸೇರಿದೆಯೋ ಅಂತ ಕೇಳುತ್ತಿದ್ದಾಳೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿದೆ. ಮೂಲೆಯಲ್ಲಿ ಹಸಿರು ಚೌಕ, ಅದರೊಳಗೆ ಹಸಿರು ಚುಕ್ಕೆ ಕಂಡಿತು. ಹಾಗಾದರೆ ಪ್ರಾಣಿ ಕೊಬ್ಬು ಇಲ್ಲ. ಮೊಟ್ಟೆಯೂ ಇಲ್ಲ.

‘ಆಗುತ್ತೆ ಕಣೇ, ಧೈರ್ಯವಾಗಿ ತಿನ್ನಿ’ ಎಂದು ಬರೆದು, ಫೋನ್ ಕೆಳಗಿಟ್ಟು, ಸಂಜೆಯ ಉಪ್ಪಿಟ್ಟಿಗೆ ರವೆ ಹುರಿಯಲು ಹೋದೆ.

ರವೆ ಇನ್ನೂ ಕೆಂಪಾಗಿರಲಿಲ್ಲ, ಬೀದಿಯಲ್ಲಿ ಅವಳ ಕೂಗು ಕೇಳಿತು. ಒಲೆ ಆರಿಸಿ ಸೌಟು ಹಿಡಿದುಕೊಂಡೇ ಓಡಿದೆ. ಮಗುವಿನ ತುಟಿ ಊದಿ ಹೊರಳಿತ್ತು, ಕತ್ತಿನ ತುಂಬ ಕೆಂಪು ದದ್ದು. ಒಮ್ಮೆ ವಾಂತಿ ಮಾಡಿಕೊಂಡಿತು, ಆಮೇಲೆ ಉಸಿರಿಗೆ ಸುಯ್ ಸುಯ್ ಅನ್ನುವ ಸದ್ದು ಸೇರಿತು. ಅಲ್ಲಿ ಹೋಗುತ್ತಿದ್ದ ಆಟೋಗೆ ಅಡ್ಡ ನಿಂತೆ.

“ಹಾಲು ಆಗಲ್ಲ ಅಕ್ಕಾ ಇವನಿಗೆ,” ಆಟೋದಲ್ಲಿ ಮಗುವನ್ನು ಎದೆಗೆ ಒತ್ತಿಕೊಂಡು ಫಿರ್ದೌಸ್ ಹೇಳಿದಳು. “ಒಂದ್ ತೊಟ್ಟೂ ಆಗಲ್ಲ. ಅದಕ್ಕೇ ತೆಂಗಿನಕಾಯಿ ಹಾಲೇ ಕೊಡೋದು. ಇದು ಕೊಬ್ಬರಿದಲ್ವಾ ಅಂತ ತಂದೆ. ಮಿಲ್ಕ್ ಅಂತ ಎಲ್ಲಾದ್ರೂ ಇದೆಯಾ ಅಂತ ಹುಡುಕಿದೆ, ಕಾಣ್ಲಿಲ್ಲ. ಆದ್ರೂ ನಿಮ್ಮನ್ನ ಕೇಳಿಯೇ ಕೊಟ್ಟೆ.”

ವೇ ಪೌಡರ್ ಅಂದರೆ ಹಾಲು ಒಡೆದಾಗ ಬರುವ ತಿಳಿನೀರನ್ನು ಒಣಗಿಸಿದ ಪುಡಿ. ಅದು ನನಗೆ ಗೊತ್ತಿತ್ತು. ಓದಿದ್ದೆ, ಅರ್ಥವಾಗಿತ್ತು, ಮುಂದಿನ ಪದಕ್ಕೆ ಹೋಗಿದ್ದೆ. ದಿನಾ ಲಿಂಗಕ್ಕೆ ಹಾಲೆರೆಯುವ ಮನೆ ನಮ್ಮದು. ಹಾಲು ಒಬ್ಬರಿಗೆ ಕೇಡು ಮಾಡೀತು ಅಂತ ನಮ್ಮ ವಂಶದಲ್ಲೇ ಯಾರಿಗೂ ಹೊಳೆದಿರಲಿಕ್ಕಿಲ್ಲ. ಆ ಹಸಿರು ಚುಕ್ಕೆಯಾದರೂ ಅಷ್ಟೇ, ಅದು ಹಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಲಿದ್ದರೂ ಚುಕ್ಕೆ ಹಸಿರೇ.

ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಮೋಹನ್ ಕುಮಾರ್ ಒಂದು ಕ್ಷಣವೂ ತಡಮಾಡಲಿಲ್ಲ. ಮಗುವನ್ನು ಮಲಗಿಸಿ ತೊಡೆಗೆ ಇಂಜೆಕ್ಷನ್ ಚುಚ್ಚಿದರು, ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕ್ ಇಟ್ಟರು. ಐದು ನಿಮಿಷ, ಹತ್ತು ನಿಮಿಷ. ಬಾಗಿಲ ಬಳಿ ನಿಂತು ನಾನು ಯಾವ ದೇವರನ್ನು ಬೇಡದೆ ಬಿಟ್ಟೆನೋ ತಿಳಿಯದು. ಉಸಿರಿನ ಸದ್ದು ಸಣ್ಣದಾಗುತ್ತಾ ಬಂತು. ಅಫ್ತಾಬ್ ಜೋರಾಗಿ ಅತ್ತ. ಅಳು ಕೇಳಿ ನನಗೆ ಅಷ್ಟು ಸಂತೋಷವಾದದ್ದು ಅದೇ ಮೊದಲು.

“ಸದ್ಯಕ್ಕೆ ಪರವಾಗಿಲ್ಲ. ಆದ್ರೆ ಮತ್ತೆ ಬರಬಹುದು, ನಾಳೆ ಬೆಳಿಗ್ಗೆವರೆಗೂ ಇಲ್ಲೇ ಇರ್ಲಿ,” ಎಂದ ಡಾಕ್ಟರ್ ಪೊಟ್ಟಣ ಕೇಳಿದರು. ಫಿರ್ದೌಸ್ ಚೀಲದಿಂದ ತೆಗೆದುಕೊಟ್ಟಳು. ಅವರು ಅದರ ಹಿಂದೆ ಅಂಟಿಕೊಂಡಿದ್ದ ಮಡಿಕೆ ಬಿಡಿಸಿದರು. ಒಳಗೆ, ಫೋಟೋಗೆ ಸಿಗದ ಕಡೆ, ಒಂದು ಸಾಲು ಇತ್ತು: ಗೋಧಿ ಮತ್ತು ಹಾಲನ್ನು ಒಳಗೊಂಡಿದೆ. “ವೇ ಅಂದ್ರೂ ಹಾಲೇ ಕಣಮ್ಮ. ಕ್ಯಾಸಿನೇಟ್ ಅಂದ್ರೂ ಹಾಲೇ. ಯಾರು ಓದಿ ಹೇಳಿದ್ದು ನಿನಗೆ?”

ಫಿರ್ದೌಸ್ ನನ್ನ ಕಡೆ ನೋಡಲಿಲ್ಲ. “ನಂದೇ ತಪ್ಪು ಸರ್. ಅಕ್ಕನಿಗೆ ಏನು ಗೊತ್ತು, ನಾನೇ ಹೇಳ್ಲಿಲ್ಲ.”

ಡಾಕ್ಟರ್ ತಲೆಯಾಡಿಸಿ ಹೋದರು. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಗೊತ್ತಿಲ್ಲದ ಮುದುಕಿ ಅನ್ನಿಸಿಕೊಂಡು ಮನೆಗೆ ಹೋಗಿ ರವೆ ಹುರಿಯಬಹುದಿತ್ತು. ಅವಳೇ ದಾರಿ ಬಿಟ್ಟುಕೊಟ್ಟಿದ್ದಳು. ಆದರೆ ಆ ಮಗುವಿನ ಊದಿದ ಮುಖದ ಎದುರು ಕೂತು ನನಗೆ ಅದು ಸಾಧ್ಯವಾಗಲಿಲ್ಲ.

“ನಂಗೆ ಗೊತ್ತಿತ್ತು ಫಿರ್ದೌಸ್,” ಅಂದೆ. “ಅದು ಹಾಲಿನ ಪುಡಿ ಅಂತ ಗೊತ್ತಿತ್ತು. ಓದಿದ್ದೆ. ನೀನು ಹಂದಿ ಕೊಬ್ಬಿನ ವಿಷಯ ಕೇಳ್ತಿದೀಯ ಅಂದ್ಕೊಂಡು ಅದೊಂದನ್ನೇ ನೋಡ್ದೆ.”

ಅವಳು ಮಗುವಿನ ಕಾಲು ನೀವುತ್ತಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

“ಅದನ್ನ ಕೇಳೋದಾದ್ರೆ ನಮ್ಮೋರಲ್ಲೇ ಕೇಳ್ತಿದ್ದೆ ಅಕ್ಕಾ,” ಅಂದಳು. “ಯಾರಿಗೆ, ಏನು ಆಗಲ್ಲ ಅಂತ ನೀವು ಒಂದ್ ಮಾತು ಕೇಳ್ಬೇಕಿತ್ತು.”

“ಹೌದು. ಕೇಳ್ಬೇಕಿತ್ತು.”

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮೂರು ತಿಂಗಳಲ್ಲಿ ಅವಳ ಕೈಯಲ್ಲಿ ನಾಲ್ಕು ಬ್ಲೌಸ್ ಹೊಲಿಸಿದ್ದೆ. ತೋಳು ಬಿಗಿ, ಕತ್ತು ಅಗಲ ಅಂತ ಕೊಂಕು ತೆಗೆದಿದ್ದೆ. ಆ ಮಗು ಯಾಕೆ ನಮ್ಮ ಮನೆಯ ಪೇಡ ಮುಟ್ಟದೆ ಓಡುತ್ತದೆ ಅಂತ ಒಂದು ದಿನವೂ ಕೇಳಿರಲಿಲ್ಲ. ಸೊಕ್ಕು ಅಂದುಕೊಂಡಿದ್ದೆ.

ಐದು ಗಂಟೆಯ ಹೊತ್ತಿಗೆ ಅಫ್ತಾಬ್ ಹಸಿವು ಅಂದ. ಏನಾದರೂ ಮೆತ್ತಗಿರೋದು ಕೊಡಿ ಎಂದು ನರ್ಸ್ ಹೇಳಿದಳು. ನಾನು ಎದ್ದು ನಿಂತೆ.

“ಮನೆಯಿಂದ ಬಿಸಿ ಅನ್ನ, ಬೇಳೆ ಕಟ್ಟು ತತ್ತೀನಿ. ತುಪ್ಪ ಹಾಕಲ್ಲ, ಒಗ್ಗರಣೆಗೂ ಹಾಕಲ್ಲ. ಇನ್ನೇನು ಆಗಲ್ಲ ಹೇಳಮ್ಮ, ಬರ್ಕೋತೀನಿ.”

“ಬ್ಯಾಡಿ ಅಕ್ಕಾ,” ಅಂದಳು ಫಿರ್ದೌಸ್. ದನಿಯಲ್ಲಿ ಕೋಪವಿರಲಿಲ್ಲ. “ನಿಮ್ಮನೆ ಪಾತ್ರೆಗೆಲ್ಲ ಹಾಲು ತುಪ್ಪ ತಾಕಿರುತ್ತೆ. ಇವನ ಅಪ್ಪಂಗೆ ಫೋನ್ ಮಾಡಿದೀನಿ, ಅವರೇ ತರ್ತಾರೆ.”

ಅವಳು ಹೇಳಿದ್ದು ಸರಿಯಾಗಿತ್ತು. ಸರಿಯಾಗಿದ್ದುದಕ್ಕೇ ನೋವಾಯಿತು. ಮತ್ತೆ ಬೆಂಚಿನ ಮೇಲೆ ಕೂತೆ.

ಸ್ವಲ್ಪ ಹೊತ್ತಿಗೆ ಸನಾವುಲ್ಲಾ ಬಂದ. ಕೈಯಲ್ಲಿ ಇನ್ನೂ ಗ್ರೀಸಿನ ಕಲೆ, ಬಗಲಲ್ಲಿ ಸ್ಟೀಲ್ ಡಬ್ಬಿ. ಮಗನ ತಲೆ ಮುಟ್ಟಿದ. ಫಿರ್ದೌಸ್ ಡಬ್ಬಿ ತೆರೆದಳು, ಗಂಜಿಯ ಹಬೆ ಎದ್ದಿತು. ಮಗು ಬಾಯಿ ತೆರೆಯಿತು. ಅವಳು ಚಮಚ ಎತ್ತಿದವಳು ಅರ್ಧಕ್ಕೇ ನಿಲ್ಲಿಸಿ ಗಂಡನ ಮುಖ ನೋಡಿದಳು.

“ಯಾವ ಪಾತ್ರೇಲಿ ಮಾಡಿದ್ರಿ? ಟೀ ಸೌಟು ಹಾಕ್ಲಿಲ್ಲ ತಾನೆ?”

“ಇಲ್ಲ. ಅವನದೇ ಪಾತ್ರೆ, ಅವನದೇ ಸೌಟು. ಇನ್ನೊಂದ್ಸಲ ತೊಳ್ಕೊಂಡೇ ಮಾಡಿದ್ದು.”

ಆಮೇಲೆ ತಿನ್ನಿಸಿದಳು. ಆ ಮಗುವಿಗೆ ಜೀವವನ್ನೇ ಕೊಡುವ ಅಪ್ಪನನ್ನೂ ಅವಳು ಕೇಳಿದಳು, ಅವನು ಬೇಸರವಿಲ್ಲದೆ ಹೇಳಿದ. ಆ ಕೇಳುವುದಕ್ಕೂ ಹೇಳುವುದಕ್ಕೂ ಹೆಚ್ಚೆಂದರೆ ನಾಲ್ಕು ಉಸಿರಿನ ಹೊತ್ತು ಹಿಡಿದಿರಬೇಕು. ಅಷ್ಟು ಹೊತ್ತು ಮಧ್ಯಾಹ್ನ ನನ್ನ ಹತ್ತಿರವೂ ಇತ್ತು.