ಎರಡು ಬಟ್ಟಲ ನೀರು

ನನಗೆ ಕೋಪ ಮೂಗಿನ ತುದಿಯಲ್ಲೇ. ಅದು ನಮ್ಮ ಪಾದ್ರಿಗಳಿಗೂ ಗೊತ್ತು.

ರೈಲು ಸ್ಟೇಷನ್ನಿನ ಮುಂದೆ ಜಟಕಾದವರಿಗೆ ಬೆಳಿಗ್ಗೆ ಒಗ್ಗರಣೆ ಅವಲಕ್ಕಿ ಮಾರುವುದು ನನ್ನ ಕಸುಬು. ಅದಕ್ಕೆ ಬಿಳಿಯ ಗಟ್ಟಿ ಅವಲಕ್ಕಿಯೇ ಆಗಬೇಕು. ತೆಳುವಾದದ್ದು ನೀರಿಗೆ ಬಿದ್ದರೆ ಮುದ್ದೆ. ಕಾಯಿತುರಿ, ಖಾರದ ಪುಡಿ ಹಚ್ಚಿದರೆ ಅಷ್ಟರ ಪಸೆಯೇ ಅದಕ್ಕೆ ಸಾಕು. ಗಟ್ಟಿಯದು ಈರುಳ್ಳಿ ಹೆಚ್ಚಿ ಮುಗಿಸುವಷ್ಟರಲ್ಲಿ ನೆನೆಯುತ್ತದೆ. ಆ ದಿನವೂ ಹಾಗೇ ನೆನೆಸಿ, ಒಗ್ಗರಣೆಗೆ ಹಾಕಿ, ಬಡಿಸಿದೆ.

ಜಟಕಾದ ಮರಿಸ್ವಾಮಿ ಒಂದು ತುತ್ತು ಅಗಿಯಲಾರದೆ ಅಗಿದು, “ಅಂತೋಣಮ್ಮ, ಇದ್ನ ಕುದುರೆಗೆ ಹಾಕ್ಲಾ?” ಎಂದ.

ಆಗಲೇ ಬೆಳಕು ಹರಿದಿತ್ತು. ಚೀಲ ಬಿಚ್ಚಿ ನೋಡಿದರೆ ಕೆಂಪು ಅವಲಕ್ಕಿ! ತೌಡು ಅಂಟಿಕೊಂಡಿರುವ ಅದು ಅರ್ಧ ಗಂಟೆಯಾದರೂ ನೆನೆಯಬೇಕು. ಮುಂಜಾನೆ ಬುಡ್ಡಿ ದೀಪದಲ್ಲಿ ನನಗೆ ಬಣ್ಣ ತಿಳಿದಿರಲಿಲ್ಲ.

ಜಗಳ ಮಾಡಲೆಂದೇ ಚೀಲ ಹಿಡಿದು, ಅವಲಕ್ಕಿ ಕೊಂಡಿದ್ದ ಅಂಗಡಿಗೆ ಹೋದೆ. ಅಲ್ಲಿ ಅಳೆದು ಕೊಡುವವರು ಮುದುಕರಾದ ಕರಿಬಸವಯ್ಯನವರು; ಅಂಗಡಿ ಅವರ ತಮ್ಮನ ಮಗ ಬಸವರಾಜುವಿನದು.

“ಅಯ್ನೋರೇ, ಇದು ಯಾವ ಬಣ್ಣ ನೋಡಿ” ಎಂದು ಒಂದು ಹಿಡಿ ಮುಂದೆ ಹಿಡಿದೆ.

ಅವರು ನನ್ನ ಕೈಯ ಪಕ್ಕದಲ್ಲೆಲ್ಲೋ ನೋಡಿದರು. ಆಮೇಲೆ ಬೆರಳಿನಿಂದ ತಡಕಿ, “ಬಿಳೀದು ಕಣಮ್ಮ. ಒಳ್ಳೇ ಗಟ್ಟಿ ಮಾಲು” ಎಂದರು.

ಹಿಡಿಯಲ್ಲಿದ್ದುದನ್ನು ಮೆಲ್ಲಗೆ ಚೀಲಕ್ಕೇ ಸುರಿದೆ.

ಒಳಗಿನಿಂದ ಬಸವರಾಜು ಬಂದ. “ಏನ್ ದೊಡ್ಡಪ್ಪ, ಮತ್ತೆ ತಪ್ಪು ಕೊಟ್ರಾ? ಇನ್ನೊಂದ್ ಸಲ ಆದ್ರೆ ಮನೇಲಿರಿ ಅಂದಿದ್ನಲ್ಲ.”

ಮುದುಕರು ಅಳತೆಯ ಸೇರನ್ನು ಪಕ್ಕಕ್ಕೆ ಸರಿಸಿದರು.

“ನಾನೇ ಕೇಳಿದ್ದು ಕೆಂಪು. ಬೆಲ್ಲ ಕಾಯಿ ಹಾಕಿ ಮಕ್ಕಳಿಗೆ ಕೊಡೋಕೆ. ಚೆನ್ನಾಗಿದೆ ಅಂತ ಹೇಳೋಕೆ ಬಂದೆ” ಎಂದೆ. ಬಸವರಾಜು ಒಳಗೆ ಹೋದ. ಸುಳ್ಳು ಹೇಳಿದ್ದಕ್ಕೆ ಭಾನುವಾರ ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡಿಕೊಂಡರಾಯಿತು.

ಕರಿಬಸವಯ್ಯನವರು ತಲೆ ತಗ್ಗಿಸಿದರು. “ತೆಳುವು ಗಟ್ಟಿ ಕೈಗೆ ಗೊತ್ತಾಯ್ತದೆ ಕಣಮ್ಮ. ಕೆಂಪು ಬಿಳುಪು ಗೊತ್ತಾಗಲ್ಲ. ಮೂಟೆ ಜಾಗ ನೆನಪಿಟ್ಕೊಂಡಿದ್ದೆ. ನಿನ್ನೆ ಹುಡುಗ್ರು ಅದ್ಲು ಬದ್ಲು ಮಾಡ್ಬುಟ್ರು.”

“ನೀರಿಗೆ ಗೊತ್ತಾಗ್ತದಲ್ಲ ಅಯ್ನೋರೇ” ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಮುಂದಿನ ವಾರ ಅಂಗಡಿ ತೆರೆದ ಸ್ವಲ್ಪ ಹೊತ್ತಿಗೆ ಹೋದೆ. ಗಟ್ಟಿಯ ಎರಡು ಮೂಟೆಗಳ ಮುಂದೆ ಒಂದೊಂದು ನೀರಿನ ಬಟ್ಟಲು. ಒಂದೊಂದರಲ್ಲೂ ಆ ಮೂಟೆಯ ಒಂದು ಚಿಟಿಕೆ ಅವಲಕ್ಕಿ.

“ಗಟ್ಟಿ ಎರಡು ಸೇರು” ಎಂದೆ.

ಅವರು ಮೊದಲನೇ ಬಟ್ಟಲಿಗೆ ಬೆರಳು ಅದ್ದಿ, ಒಂದು ಅವಲಕ್ಕಿ ಹಿಸುಕಿದರು. “ಇನ್ನೂ ಬಿರುಸಾಗೇ ಅದೆ. ಇದು ಮಕ್ಕಳದು.” ಎರಡನೆಯದನ್ನು ಮುಟ್ಟಿದರು. ಬೆರಳ ನಡುವೆ ಅದು ಮೆತ್ತಗೆ ನುಣ್ಣಗಾಯಿತು.

“ಇದು ನಿಂದು ಅಂತೋಣಮ್ಮ” ಎಂದು ಅಳೆಯತೊಡಗಿದರು.

ನನಗೆ ಮಕ್ಕಳಿಲ್ಲವೆಂಬುದು ಅವರಿಗೆ ಮೊದಲಿನಿಂದಲೂ ಗೊತ್ತು.